ಅಮ್ಮನ ಹೋಲ್ಟರ್ ರಿಪೋರ್ಟ್: ಸರಾಸರಿ 71, ಕನಿಷ್ಠ 46, ಗರಿಷ್ಠ 171, ವಿಇ 4,864. ಓದೋದು ಹೇಗೆ?

ಸಾಗರದ ಹುಡುಗ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 52 ವರ್ಷ. ಎದೆ ಆಗಾಗ ಡವ ಡವ ಅನ್ನುತ್ತೆ, ಒಂದು ಬಡಿತ ತಪ್ಪಿ ಹೋದ ಹಾಗಾಗುತ್ತೆ ಅಂತ ಹೇಳಿದ್ದಕ್ಕೆ ಎದೆಬಡಿತ ದಾಖಲಿಸೋ ಹೋಲ್ಟರ್ ಮಷೀನನ್ನು 24 ಗಂಟೆ ಹಾಕಿಸಿದ್ದೆವು. ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ, ರಿಪೋರ್ಟ್ ಮಾತ್ರ ಇವತ್ತೇ ಕೈಗೆ ಬಂತು. ಮೊದಲ ಪುಟದಲ್ಲಿರೋದು ಇಷ್ಟು:

ದಾಖಲಾದ ಅವಧಿ 23 ಗಂಟೆ 28 ನಿಮಿಷ, ವಿಶ್ಲೇಷಿಸಿದ್ದು 22 ಗಂಟೆ 50 ನಿಮಿಷ. ಒಟ್ಟು ಬಡಿತ 97,270. ಸರಾಸರಿ 71, ಕನಿಷ್ಠ 46 (ಬೆಳಗಿನ ಜಾವ 4:18), ಗರಿಷ್ಠ 171 (ಸಂಜೆ 7:05). ವಿಇ 4,864. ಎಸ್‌ವಿಇ 212. ಜೋಡಿ 31. ವಿಟಿ 1 (3 ಬಡಿತ, ದರ 142). ಅತಿ ಉದ್ದದ ಆರ್‌ಆರ್ 2.3 ಸೆಕೆಂಡ್, ರಾತ್ರಿ 3:40ಕ್ಕೆ.

ಇನ್ನೊಂದು ಗೊಂದಲ. ಮನೆಯ ಬಿಪಿ ಮಷೀನಿನಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಪಲ್ಸ್ 42 ಅಂತ ಬಂದಿತ್ತು, ಹೋಲ್ಟರ್ ಹಾಕಿದ್ದ ದಿನವೇ. ಆದರೆ ರಿಪೋರ್ಟ್ ಪ್ರಕಾರ ಕನಿಷ್ಠವೇ 46. ಯಾವುದನ್ನು ನಂಬೋದು?

ಮಲ್ಲಿಗೆ ಮನೆ
ನಾರ್ಮಲ್ 60ರಿಂದ 100 ಅಲ್ವಾ? 46 ಅಂದ್ರೆ ತುಂಬಾ ಕಡಿಮೆ, ಪೇಸ್‌ಮೇಕರ್ ಬಗ್ಗೆ ಕೇಳಿ. ವಿಇ ಅಂದ್ರೆ ಅವಸರದ ಬಡಿತ, ಅದು ಗಂಟೆಗೆ 30 ದಾಟಿದರೆ ‘ಪದೇ ಪದೇ’ ಅಂತ ಲೆಕ್ಕ. ನಿಮ್ಮದು ಗಂಟೆಗೆ 213 ಆಗುತ್ತೆ. ಇಷ್ಟಿದ್ದರೆ ಆ ಬಡಿತ ಹುಟ್ಟೋ ಜಾಗವನ್ನು ಸುಡೋ ಅಬ್ಲೇಷನ್ ಮಾಡಲೇಬೇಕಾಗುತ್ತೆ. ತಡ ಮಾಡಬೇಡಿ.

ಕಾವೇರಿ ತೀರ
ರಾತ್ರಿ ಎಷ್ಟು ಇಳಿದಿದೆ ನೋಡಿ. ಹಗಲಿಗಿಂತ ಶೇ. 10 ಇಳಿಯದಿದ್ದರೆ ಕಿಡ್ನಿಗೆ ತೊಂದರೆ ಇರಬಹುದು.

ಹೋಲ್ಟರ್ ಟೇಬಲ್
ಕಾವೇರಿ ತೀರ ಅವರೇ, ನೀವು ಹೇಳ್ತಿರೋದು 24 ಗಂಟೆಯ ಬಿಪಿ ಪಟ್ಟಿಯ ವಿಷಯ. ಅದರಲ್ಲಿ ತೋಳಿಗೆ ಪಟ್ಟಿ ಕಟ್ಟಿರುತ್ತಾರೆ, ಇದು ಎದೆಗೆ ಅಂಟಿಸಿದ ಇಸಿಜಿ. ಇದರಲ್ಲಿ ಬಿಪಿ ಇರೋದೇ ಇಲ್ಲ.

ಸಾಗರದವರೇ, ನಾನು ಹೋಲ್ಟರ್ ಫೈಲುಗಳನ್ನು ಎಡಿಟ್ ಮಾಡುವ ಟೆಕ್ನಿಷಿಯನ್. ಈ ಅಂಕಿಗಳ ಅರ್ಥ ಏನು ಅಂತ ಕೇಳುವ ಮೊದಲು, ಅವು ಸರಿಯಾಗಿವೆಯೇ ಅಂತ ನೋಡಬೇಕು. ಸಾಫ್ಟ್‌ವೇರ್ ತಾನೇ ಎಣಿಸಿದ್ದನ್ನು ಮನುಷ್ಯ ಕೂತು ತಿದ್ದಿದ್ದರೆ ಒಂದು ಬೆಲೆ, ತಿದ್ದದೆ ಹಾಗೇ ಪ್ರಿಂಟ್ ತೆಗೆದಿದ್ದರೆ ಇನ್ನೊಂದು.

ಮೊದಲು ಸುಲಭದ ತಾಳೆ. 22 ಗಂಟೆ 50 ನಿಮಿಷ ಅಂದರೆ 1,370 ನಿಮಿಷ. ಅದನ್ನು 71ರಿಂದ ಗುಣಿಸಿದರೆ 97,270. ಒಟ್ಟು ಬಡಿತಕ್ಕೆ ಸರಿಹೊಂದಿತು. ಕಳೆದುಹೋದದ್ದು ಬರೀ 38 ನಿಮಿಷ, ಅದು ಚಿಂತೆಯಲ್ಲ. ಕರಾವಳಿಯ ಬೇಸಿಗೆಯಲ್ಲಿ ಬೆವರಿಗೆ ಎಲೆಕ್ಟ್ರೋಡ್ ಕಿತ್ತುಬಂದು ನಾಲ್ಕೈದು ಗಂಟೆ ಹೋಗಿರುವ ಫೈಲುಗಳೂ ಬರುತ್ತವೆ. ಅಂಥದ್ದರಲ್ಲಿ ‘ವಿಇ ಕಡಿಮೆ’ ಅಂತ ಬರೆದಿದ್ದರೂ ಅದನ್ನು ನೆಚ್ಚಿಕೊಳ್ಳೋ ಹಾಗಿಲ್ಲ.

ಈ ತಾಳೆಯಿಂದ ಎಲ್ಲ ತಪ್ಪೂ ಸಿಗುವುದಿಲ್ಲ ಅನ್ನೋದೂ ಗೊತ್ತಿರಲಿ. ಕೆಲವರಲ್ಲಿ ಪ್ರತಿ ಬಡಿತದ ಬೆನ್ನಿಗೆ ಬರೋ ಟಿ ಅಲೆ ಎತ್ತರವಾಗಿರುತ್ತೆ. ಸಾಫ್ಟ್‌ವೇರ್ ಅದನ್ನೂ ಒಂದು ಬಡಿತ ಅಂತ ಎಣಿಸಿದರೆ ಒಟ್ಟೂ ಹೆಚ್ಚುತ್ತೆ, ಸರಾಸರಿಯೂ ಹೆಚ್ಚುತ್ತೆ, ಎರಡೂ ಒಂದಕ್ಕೊಂದು ತಾಳೆಯಾಗುತ್ತವೆ. ನಿದ್ದೆಯ ಗಂಟೆಗಳಲ್ಲೂ ಸರಾಸರಿ 120 ಅಂತ ಕಂಡರೆ ಅನುಮಾನ ಬರಬೇಕು. ನಿಮ್ಮಮ್ಮನದು ಹಾಗಿಲ್ಲ.

ನನಗೆ ಅನುಮಾನ ಇರೋದು 171ರ ಮೇಲೆ. ಎರಡು ಕೆಲಸ ಮಾಡಿ. ಗಂಟೆವಾರು ಪಟ್ಟಿಯಲ್ಲಿ ಸಂಜೆ 7ರಿಂದ 8ರ ಸಾಲು ಓದಿ ಹೇಳಿ. ಅಮ್ಮ ಬರೆದಿಟ್ಟ ಡೈರಿಯಲ್ಲಿ 7:05ಕ್ಕೆ ಏನಿದೆ ನೋಡಿ.

ಸಾಗರದ ಹುಡುಗ
ಪಟ್ಟಿ ಸಿಕ್ಕಿತು ಸರ್. ಸಂಜೆ 7ರಿಂದ 8ರ ಸಾಲಿನಲ್ಲಿ ಸರಾಸರಿ 84, ವಿಇ 380. ಅದರ ಹಿಂದಿನ ಗಂಟೆ ವಿಇ 140, ಮುಂದಿನ ಗಂಟೆ 95. ಬೆಳಗ್ಗೆ 10ರಿಂದ 11ರಲ್ಲಿ 610, ಆಮೇಲಿನ ಗಂಟೆ 588, ಮಧ್ಯಾಹ್ನ 12ರಿಂದ 1ರಲ್ಲಿ 640. ರಾತ್ರಿ 12ರಿಂದ ಬೆಳಗಿನ ಜಾವ 5ರವರೆಗೆ ಯಾವ ಗಂಟೆಯಲ್ಲೂ 20 ದಾಟಿಲ್ಲ.

ಡೈರಿಯಲ್ಲಿ ಅಮ್ಮನ ಅಕ್ಷರ: ‘7 ಗಂಟೆ, ಕಾಯಿ ತುರಿದೆ.’

ಹೋಲ್ಟರ್ ಟೇಬಲ್
ಸಿಕ್ಕಿತು ನೋಡಿ. ತುರಿಮಣೆ ಮೇಲೆ ಕೂತು ಕಾಯಿ ತುರಿಯುವಾಗ ಭುಜ, ಎದೆಯ ಸ್ನಾಯು ಒಂದೇ ಲಯದಲ್ಲಿ ಎಳೆಯುತ್ತವೆ. ಎಲೆಕ್ಟ್ರೋಡ್ ಕೂತಿರೋದೂ ಅಲ್ಲೇ. ಆ ಎಳೆತ ಇಸಿಜಿ ಗೆರೆಯಲ್ಲಿ ಅಗಲವಾದ ಗೀರಾಗಿ ಬೀಳುತ್ತೆ, ಸಾಫ್ಟ್‌ವೇರ್ ಪ್ರತಿ ಗೀರನ್ನೂ ಬಡಿತ ಅಂತ ಎಣಿಸುತ್ತೆ. ಹಲ್ಲುಜ್ಜೋದು, ಬಟ್ಟೆ ಕುಕ್ಕೋದು, ಚಪಾತಿ ಲಟ್ಟಿಸೋದು, ಎಲ್ಲ ಇದೇ ಜಾತಿ.

ಪಕ್ಕಾ ಮಾಡಿಕೊಳ್ಳಲು ಗರಿಷ್ಠ ದರದ ಪಟ್ಟಿ ಅಂತ ಒಂದು ಸ್ಟ್ರಿಪ್ ಹಿಂದಿನ ಪುಟಗಳಲ್ಲಿ ಇರುತ್ತೆ. ಅದರ ಮೂರು ಗೆರೆಗಳಲ್ಲಿ ಗದ್ದಲ ಕಡಿಮೆ ಇರುವುದನ್ನು ಹಿಡಿದು, ಮೊನಚಾದ ನಿಜವಾದ ಬಡಿತಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ. ಗುರುತುಗಳು ಗದ್ದಲದ ನಡುವೆಯೂ ಸಮ ಅಂತರದಲ್ಲಿ ಸಾಗಿದರೆ ಹೃದಯ ತನ್ನ ಪಾಡಿಗೆ ತಾನು ನಡೆದಿದೆ, ಗೀರುಗಳು ಹೊರಗಿನವು. ನಿಜವಾಗಿ 171ಕ್ಕೆ ಏರಿದ್ದರೆ ಗದ್ದಲದೊಳಗೆ ಆ ನಿಧಾನದ ಬಡಿತ ಸಿಗಬಾರದು.

ಅದೇ ಗಂಟೆಯ 380 ವಿಇಯಲ್ಲೂ ಕಾಯಿತುರಿ ಸೇರಿರುತ್ತೆ. ಆಚೀಚಿನ ಗಂಟೆಗಳು 140, 95 ಇರುವಾಗ ಇಲ್ಲಿ ಸುಮಾರು 250 ಸುಳ್ಳು ಅಂತ ಇಟ್ಟುಕೊಳ್ಳಿ. 4,864ರಲ್ಲಿ ಅದನ್ನು ಕಳೆದರೆ 4,614. ಒಟ್ಟು ಬಡಿತಕ್ಕೆ ಹೋಲಿಸಿದರೆ ಶೇ. 5.0 ಇದ್ದದ್ದು ಶೇ. 4.7 ಆಗುತ್ತೆ. ಅಂದರೆ ತಪ್ಪು ಇದ್ದರೂ ತೀರ್ಮಾನ ಅಲುಗಾಡುವುದಿಲ್ಲ. ಗರಿಷ್ಠದ ಕಾಲಂ ಮಾತ್ರ ಅಳಿಸಿ ಬರೆಯಬೇಕು.

ಸಾಗರದ ಹುಡುಗ
ಪೆನ್ಸಿಲ್ ಗುರುತು ಹಾಕಿ ನೋಡಿದೆ. ಮಧ್ಯದ ಗೆರೆಯಲ್ಲಿ ಬಡಿತಗಳು ಸ್ವಚ್ಛವಾಗಿ ಕಾಣುತ್ತವೆ. ಎರಡರ ನಡುವೆ ದೊಡ್ಡ ಚೌಕ ಮೂರೂವರೆಗೆ ಸ್ವಲ್ಪ ಕಡಿಮೆ, ಎಲ್ಲ ಕಡೆ ಹೆಚ್ಚುಕಡಿಮೆ ಅಷ್ಟೇ.

ಹೋಲ್ಟರ್ ಟೇಬಲ್
ಸ್ಟ್ರಿಪ್ ಸೆಕೆಂಡಿಗೆ 25 ಮಿಲಿಮೀಟರ್ ವೇಗದ್ದಾದರೆ 300 ಅನ್ನು ದೊಡ್ಡ ಚೌಕದ ಸಂಖ್ಯೆಯಿಂದ ಭಾಗಿಸಿ. 300 ಭಾಗಿಸು 3.4, ಸುಮಾರು 88. ಕಾಯಿ ತುರಿಯುವಾಗ ಅಷ್ಟಿರೋದು ಸಹಜ. ಕೆಲವು ಪ್ರಿಂಟುಗಳಲ್ಲಿ ಸ್ಟ್ರಿಪ್ ಕುಗ್ಗಿರುತ್ತೆ, ಹಾಗಾಗಿ ಮೂಲೆಯಲ್ಲಿ ಬರೆದಿರುವ ವೇಗ ಒಮ್ಮೆ ನೋಡಿಕೊಳ್ಳಿ.

ಧಾರವಾಡ ಪೇಡೆ
ನಮ್ಮ ಕಾಕಾರ ರಿಪೋರ್ಟಿನಾಗೂ ಇದೇ ಹಣೇಬರ ಆಗಿತ್ರಿ, ಗರಿಷ್ಠ 190 ಅಂತ ಬಂದಿತ್ತು. ಮಷೀನ್ ಹೇಳಿದ್ದೆಲ್ಲಾ ಖರೆ ಅಂತ ತಿಳ್ಕೋಬ್ಯಾಡ್ರಿ. ಅದಿರ್ಲಿ, ಬಿಪಿ ಮಷೀನಿನ 42 ಏನು ಅಂತ ಯಾರೂ ಹೇಳ್ಲೇ ಇಲ್ಲಲ್ರಿ? ಕಾಕಾರಿಗೂ ಬಿಪಿ ನೋಡೂವಾಗ ಪಲ್ಸ್ ಒಮ್ಮೊಮ್ಮೆ ಅರ್ಧಕ್ಕರ್ಧ ಬರತಿತ್ತು.

ತಾಳ ಮೇಳ
ಅದಕ್ಕೆ ನಾನು ಹೇಳ್ತೀನಿ, ಕಾರ್ಡಿಯಾಲಜಿ ನನ್ನ ದಿನದ ಕೆಲಸ. ಇಸಿಜಿ ಎಣಿಸೋದು ವಿದ್ಯುತ್ತನ್ನು. ಬಿಪಿ ಮಷೀನ್, ಬೆರಳಿನ ಆಕ್ಸಿಮೀಟರ್ ಎಣಿಸೋದು ರಕ್ತದ ತಳ್ಳುವಿಕೆಯನ್ನು. ವಿಇ ಅನ್ನೋದು ಕೆಳಗಿನ ಕೋಣೆಯಿಂದ ಅವಸರವಾಗಿ ಬರೋ ಬಡಿತ. ಹೃದಯ ತುಂಬಿಕೊಳ್ಳುವ ಮೊದಲೇ ಅದು ಹಿಂಡಿಬಿಡುತ್ತೆ, ಹಾಗಾಗಿ ಕೈವರೆಗೆ ಪಲ್ಸ್ ಮುಟ್ಟೋದೇ ಇಲ್ಲ. ಆಮೇಲಿನ ಬಿಡುವು ಉದ್ದ, ಅದರ ಮುಂದಿನ ಬಡಿತ ಜೋರು. ಅಮ್ಮನಿಗೆ ‘ತಪ್ಪಿತು’ ಅನ್ನಿಸೋದು ಆ ಬಿಡುವು, ‘ಡವ’ ಅನ್ನಿಸೋದು ಆ ಜೋರು ಬಡಿತ.

ಈಗ ಒಂದು ಸರಿ ಬಡಿತ, ಒಂದು ವಿಇ, ಒಂದು ಸರಿ, ಒಂದು ವಿಇ ಅಂತ ಸಾಲಾಗಿ ಬಂದರೆ ಅದೇ ಬೈಜೆಮಿನಿ. ಹೋಲ್ಟರ್ 84 ಎಣಿಸುತ್ತೆ, ಬಿಪಿ ಮಷೀನ್ 42 ಎಣಿಸುತ್ತೆ. ಎರಡೂ ಸರಿಯೇ. ಮಧ್ಯಾಹ್ನ 12ರ ಗಂಟೆಯಲ್ಲಿ 640 ವಿಇ ಬರಲು 84ರ ದರದ ಬೈಜೆಮಿನಿ ಕಾಲು ಗಂಟೆ ಇದ್ದರೆ ಸಾಕು, ನಿಮಿಷಕ್ಕೆ 42ರಂತೆ 15 ನಿಮಿಷಕ್ಕೆ 630. ರಿಪೋರ್ಟಿನಲ್ಲಿ ಬೈಜೆಮಿನಿ ಅಂತ ಪ್ರತ್ಯೇಕ ಸಾಲಿದ್ದರೆ ಸಮಯ ತಾಳೆ ಹಾಕಿ. ಇಲ್ಲಿ ಕೆಟ್ಟದ್ದಾಗೋದು ಯಾವಾಗ ಅಂದರೆ, ಮನೆಯವರು ಆ 42 ನೋಡಿ ಹೃದಯ ನಿಧಾನ ಆಯ್ತು ಅಂದುಕೊಂಡು ವೈದ್ಯರು ಕೊಟ್ಟ ಬೀಟಾ ಬ್ಲಾಕರ್ ಮಾತ್ರೆ ತಾವೇ ನಿಲ್ಲಿಸಿದಾಗ. ಅದೇ ಮಾತ್ರೆಯನ್ನು ವಿಇ ಕಡಿಮೆ ಮಾಡಲು ಕೊಟ್ಟಿರುತ್ತಾರೆ.

ಮಲ್ಲಿಗೆ ಮನೆ ಅವರಿಗೆ: ಗಂಟೆಗೆ 30 ಅನ್ನೋ ಗೆರೆ ನಿಜ, ‘ಪದೇ ಪದೇ’ ಅನ್ನೋ ಪದವೂ ಸರಿ. ಅಲ್ಲಿಂದ ಅಬ್ಲೇಷನ್‌ಗೆ ಜಿಗಿದಿದ್ದು ಮಾತ್ರ ಸರಿಯಲ್ಲ. ಪೇಸ್‌ಮೇಕರ್ ಮಾತಂತೂ ಬೇಡ. 60ರಿಂದ 100 ಅನ್ನೋದು ಎಚ್ಚರವಾಗಿ ಸುಮ್ಮನೆ ಕೂತವರ ಅಳತೆ. ಬೆಳಗಿನ ಜಾವ 4:18ಕ್ಕೆ ಗಾಢ ನಿದ್ದೆಯಲ್ಲಿ 46 ಯಾರಿಗಾದರೂ ಬರಬಹುದು. ಆರ್‌ಆರ್ ಅಂದರೆ ಎರಡು ಬಡಿತಗಳ ನಡುವಿನ ಬಿಡುವು, ರಾತ್ರಿಯ ಆ 2.3 ಸೆಕೆಂಡೂ ಹಾಗೆಯೇ, ನಿದ್ದೆಯಲ್ಲಿ ಅಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳೋಲ್ಲ. ಹಗಲಲ್ಲಿ, ಎಚ್ಚರ ಇದ್ದಾಗ, ತಲೆಸುತ್ತು ಬಂದ ಹೊತ್ತಿಗೇ 3 ಸೆಕೆಂಡ್ ದಾಟಿದ್ದರೆ ಆಗ ಮಾತು ಬೇರೆ.

ಮಲ್ಲಿಗೆ ಮನೆ
ಸರಿ, 46ರ ವಿಷಯ ಒಪ್ಪಿದೆ. ಆದರೆ ನನ್ನ ವಾಚಿನಲ್ಲಿ ಕನಿಷ್ಠ ಅಂದರೆ ಒಂದು ಅಂಕಿ, ಹೋಲ್ಟರಿನಲ್ಲಿ ಇನ್ನೊಂದು. ಅದಕ್ಕೂ ಬೈಜೆಮಿನಿಯೇ ಕಾರಣ ಅನ್ನಬೇಡಿ.

ಹೋಲ್ಟರ್ ಟೇಬಲ್
ಅಲ್ಲ ಮೇಡಂ, ಅದಕ್ಕೆ ಬೇರೆ ಕಾರಣ. ಕನಿಷ್ಠ ದರವನ್ನು ಎರಡೇ ಬಡಿತದ ಅಂತರದಿಂದ ತೆಗೆಯಲ್ಲ, ಕೆಲವು ಬಡಿತಗಳ ಅಥವಾ ಇಷ್ಟು ಸೆಕೆಂಡುಗಳ ಸರಾಸರಿಯಿಂದ ತೆಗೀತಾರೆ. ಆ ಕಿಟಕಿ ಕಂಪನಿಯಿಂದ ಕಂಪನಿಗೆ ಬೇರೆ. ಇದೇ ರಿಪೋರ್ಟಲ್ಲೇ ನೋಡಿ: 2.3 ಸೆಕೆಂಡಿನ ಒಂದು ಅಂತರವನ್ನು ದರಕ್ಕೆ ತಿರುಗಿಸಿದರೆ 60 ಭಾಗಿಸು 2.3, ಅಂದರೆ 26. ಆದರೂ ಕನಿಷ್ಠ 46 ಅಂತ ಬರೆದಿದೆ. ವಿರೋಧವಿಲ್ಲ, ಒಂದು ಒಂಟಿ ಬಿಡುವು ಅಕ್ಕಪಕ್ಕದ ಬಡಿತಗಳ ಜೊತೆ ಸೇರಿ ಸರಾಸರಿಯಲ್ಲಿ ಕರಗಿದೆ. ಎರಡು ಬೇರೆ ಮಷೀನಿನ ಕನಿಷ್ಠಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಸಾಗರದ ಹುಡುಗ
ಹಾಗಾದರೆ ಶೇ. 5 ಜಾಸ್ತಿಯಾ, ಕಡಿಮೆಯಾ? ಒಂದು ಗಂಟೆಯಲ್ಲಿ 640 ನೋಡಿದರೆ ಹೆದರಿಕೆ ಆಗುತ್ತೆ.

ತಾಳ ಮೇಳ
ಆ ಗಂಟೆಯ ಸರಾಸರಿ 82 ಅಂತ ಇಟ್ಟುಕೊಂಡರೆ 4,920 ಬಡಿತ, ಅದರಲ್ಲಿ 640 ಅಂದರೆ ಶೇ. 13. ಆದರೆ ಹೃದಯದ ಸ್ನಾಯುವಿಗೆ ದಣಿವಾಗುತ್ತಾ ಅಂತ ಕೇಳುವಾಗ ಲೆಕ್ಕಕ್ಕೆ ಬರೋದು ಇಡೀ ದಿನದ ಪಾಲು, ಒಂದು ಗಂಟೆಯದಲ್ಲ.

ಮಿಷಿಗನ್‌ನವರು 2010ರಲ್ಲಿ 174 ಜನರ ಮೇಲೆ ಮಾಡಿದ ಅಧ್ಯಯನದ ಗೆರೆಯನ್ನೇ ಈಗಲೂ ಹೆಚ್ಚಿನವರು ಬಳಸೋದು. ದಿನದ ಬಡಿತಗಳಲ್ಲಿ ವಿಇ ಪಾಲು ಶೇ. 24 ದಾಟಿದವರಲ್ಲಿ ಹೃದಯದ ಪಂಪಿಂಗ್ ಕುಸಿದದ್ದು ಹೆಚ್ಚಾಗಿ ಕಂಡಿತು. ವಿಇಯಿಂದಲೇ ಕುಸಿದು, ಅದನ್ನು ನಿಲ್ಲಿಸಿದ ಮೇಲೆ ಸರಿಹೋದವರಲ್ಲಿ ಅತಿ ಕಡಿಮೆ ಪಾಲು ಇದ್ದದ್ದು ಶೇ. 10. ನಿಮ್ಮಮ್ಮನ ಶೇ. 5 ಅದರ ಅರ್ಧ. ಹಾಗಂತ ಅಂಕಿ ಒಂದನ್ನೇ ನೋಡಿ ಎದ್ದು ಹೋಗೋದಲ್ಲ. ಎಕೋ ಮಾಡಿಸಿದ್ದೀರಾ? ಪಂಪಿಂಗ್ ಎಷ್ಟಿದೆ? ಎಲ್ಲ ವಿಇಗಳೂ ಒಂದೇ ಆಕಾರದವಾ? ಎಕೋ ಚೆನ್ನಾಗಿದ್ದು, ಆಕಾರ ಒಂದೇ ಇದ್ದು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ ಸಾವು ಯಾರಿಗೂ ಆಗಿಲ್ಲ ಅಂದರೆ ಇದೇ ಶೇ. 5 ಸುಮ್ಮನಿರುವ ಶೇ. 5. ಎಕೋದಲ್ಲಿ ಹೃದಯ ದೊಡ್ಡದಾಗಿದ್ದರೆ ಇದೇ ಅಂಕಿಯ ಅರ್ಥ ಬೇರೆ.

ಎಸ್‌ವಿಇ 212 ಅಂದರೆ ಮೇಲಿನ ಕೋಣೆಯ ಅವಸರದ ಬಡಿತ, ದಿನಕ್ಕೆ ಅಷ್ಟು ಏನೂ ಅಲ್ಲ. ಬಿಡಿ.

ಸಾಗರದ ಹುಡುಗ
ಎಕೋ ಆಗಿದೆ ಸರ್, ಪಂಪಿಂಗ್ 60 ಅಂತ ಬರೆದಿದ್ದಾರೆ. ಥೈರಾಯ್ಡ್, ಪೊಟ್ಯಾಸಿಯಮ್ ನಾರ್ಮಲ್. ಇನ್ನೊಂದು ವಿಚಿತ್ರ ಇದೆ. ಬೆಳಗ್ಗೆ 11:20ಕ್ಕೆ ಅಮ್ಮ ಎದೆ ಡವ ಅಂತು ಅಂತ ಬಟನ್ ಒತ್ತಿದ್ದಾರೆ. ಆ ಸ್ಟ್ರಿಪ್ಪಲ್ಲಿ ‘ಸೈನಸ್, 102’ ಅಂತಷ್ಟೇ ಇದೆ, ಒಂದೂ ವಿಇ ಇಲ್ಲ.

ಹೋಲ್ಟರ್ ಟೇಬಲ್
ಬಟನ್ ಒತ್ತೋದು ಅನುಭವ ಆದ ಮೇಲೆ. ಹಾಗಾಗಿ ಬಟನ್ನಿನ ಹಿಂದಿನ ಎರಡು ಮೂರು ನಿಮಿಷವನ್ನೂ ನೋಡಬೇಕು. ಪ್ರಿಂಟ್ ಆಗೋದು ಮಾತ್ರ ಒತ್ತಿದ ಕ್ಷಣದ ಕೆಲವೇ ಸೆಕೆಂಡ್. 11ರಿಂದ 12ರ ಒಳಗೆ 588 ವಿಇ ಇರುವಾಗ 11:17, 11:18ಕ್ಕೆ ಒಂದು ಸಾಲೇ ಬಂದುಹೋಗಿದ್ದು ಒತ್ತುವಷ್ಟರಲ್ಲಿ ನಿಂತಿರಬಹುದು. ಆ ಗಂಟೆಯ ಪೂರ್ತಿ ಟ್ರೇಸಿಂಗ್ ಪುಟ ಕೇಳಿ. ಒಂದು ಪುಟದಲ್ಲಿ ಒಂದು ಗಂಟೆ, ಸಣ್ಣ ಸಣ್ಣ ಗೆರೆಗಳಲ್ಲಿ ಇರುತ್ತೆ. ಅಗಲದ ಬಡಿತಗಳು ಅದರಲ್ಲೂ ಕಣ್ಣಿಗೆ ಹೊಡೆಯುತ್ತವೆ.

ನ್ಯೂಜೆರ್ಸಿ ಸುಮ
ಇಲ್ಲಿ ಅಮೆರಿಕದಲ್ಲಿ ಎಷ್ಟೋ ಕಡೆ ಈಗ ಎದೆಗೆ ಅಂಟಿಸೋ ಪ್ಯಾಚ್ ಕೊಡ್ತಾರೆ, 14 ದಿನ. ಕಾರಣ ಇದೇ, ವಿಇ ದಿನದಿಂದ ದಿನಕ್ಕೆ ತುಂಬ ಏರಿಳಿಯುತ್ತೆ. ಇವತ್ತು ಶೇ. 5, ನಾಡಿದ್ದು ಶೇ. 9 ಬಂದರೆ ರೋಗ ದುಪ್ಪಟ್ಟಾಯ್ತು ಅಂತ ಅರ್ಥ ಅಲ್ಲ.

ತಾಳ ಮೇಳ
ಇದು ಬಹಳ ಮುಖ್ಯ, ಸುಮ ಅವರೇ. ಮಾತ್ರೆ ಶುರು ಮಾಡಿ ಎರಡನೇ ಹೋಲ್ಟರ್ ಮಾಡಿಸಿದಾಗ 4,864 ಹೋಗಿ 2,900 ಬಂದರೆ ಮನೆಯವರು ಮಾತ್ರೆ ಕೆಲಸ ಮಾಡ್ತು ಅಂತಾರೆ. ಏನೂ ಕೊಡದಿದ್ದರೂ ಅಷ್ಟು ಏರಿಳಿಯಬಹುದು. ಒಂದೊಂದು ದಿನದ ಎರಡು ದಾಖಲೆಗಳನ್ನು ಹೋಲಿಸಿ ಇದು ಮಾತ್ರೆಯದೇ ಫಲ ಅನ್ನಬೇಕಾದರೆ ಇಳಿಕೆ ಸುಮಾರು ಶೇ. 80 ಇರಬೇಕು ಅನ್ನೋದು ಹಳೆಯ ಅಳತೆ. 4,864 ಅಂದರೆ ಸಾವಿರದ ಒಳಗೆ ಬರಬೇಕು.

ಧಾರವಾಡ ಪೇಡೆ
ಎಲ್ಲಾ ಛಲೋ ಐತ್ರಿ, ಆದ್ರ ‘ವಿಟಿ 1’ ಅಂತ ಬರದಾರಲ್ರಿ. ಅದನ್ನ ಓದಿದ್ರ ಎದಿ ಒಡಿತೈತಿ. ಅದರ ಬಗ್ಗೆ ಯಾಕ ಎಲ್ಲಾರೂ ಸುಮ್ನದೀರಿ?

ಹೋಲ್ಟರ್ ಟೇಬಲ್
ಸ್ಟ್ರಿಪ್ ನೋಡದೆ ಬಾಯಿ ಬಿಡಬಾರದು ಅಂತ ಸುಮ್ಮನಿದ್ದೆ. ಮೂರು ಅಗಲದ ಬಡಿತ ಸಾಲಾಗಿ 100ಕ್ಕಿಂತ ವೇಗವಾಗಿ ಬಂದರೆ ಸಾಫ್ಟ್‌ವೇರ್ ಅದಕ್ಕೆ ವಿಟಿ, ಅಂದರೆ ಕೆಳಗಿನ ಕೋಣೆಯ ವೇಗದ ಓಟ, ಅಂತ ಹೆಸರು ಹಾಕುತ್ತೆ. ಮೂರು ಬಡಿತ ಅಂದರೆ ನಡುವೆ ಎರಡೇ ಅಂತರ, ಆ ಎರಡರಿಂದಲೇ 142 ಅಂತ ಲೆಕ್ಕ ಹಾಕಿದೆ. ಒಂದು ಸೆಕೆಂಡಿನ ಆಸುಪಾಸಿನ ಘಟನೆ. ಅದರ ಸಮಯ ಎಷ್ಟು? 7:05ರ ಹತ್ತಿರ ಇದ್ದರೆ ಅದೂ ಕಾಯಿತುರಿಯೇ.

ಸಾಗರದ ಹುಡುಗ
ಮಧ್ಯಾಹ್ನ 2:51. ಡೈರಿಯಲ್ಲಿ ‘ಮಲಗಿದ್ದೆ’ ಅಂತಿದೆ. ಫೋಟೊ ಹಾಕಿದ್ದೇನೆ, ಒಂದೇ ಗೆರೆ ಪ್ರಿಂಟ್ ಆಗಿದೆ.

ಹೋಲ್ಟರ್ ಟೇಬಲ್
ಗದ್ದಲ ಅಲ್ಲ, ನಿಜವಾದ ಬಡಿತಗಳೇ. ಆದರೆ ಈ ಮೂರರ ಆಕಾರ ಅಮ್ಮನ ಒಂಟಿ ವಿಇಗಳ ಹಾಗಿಲ್ಲ. ಅಷ್ಟು ಅಗಲವೂ ಇಲ್ಲ. ಮೊದಲನೆಯದರ ಹಿಂದಿನ ಟಿ ಅಲೆಯ ನೆತ್ತಿಯಲ್ಲಿ ಒಂದು ಸಣ್ಣ ಗುಬ್ಬು ಇದೆ ನೋಡಿ. ಅದು ಮೇಲಿನ ಕೋಣೆಯ ಗುರುತಾದ ಪಿ ಅಲೆ ಆಗಿದ್ದರೆ ಇವು ಮೇಲಿನ ಕೋಣೆಯಿಂದಲೇ ಹೊರಟು, ಕೆಳಗೆ ವಿದ್ಯುತ್ ಸಾಗುವ ದಾರಿಯ ಒಂದು ಕವಲು ಇನ್ನೂ ಸಿದ್ಧವಿಲ್ಲದೆ ಅಗಲವಾಗಿ ಕಂಡ ಬಡಿತಗಳು. ನಾನಾಗಿದ್ದರೆ ವಿಟಿ ಕಾಲಂನಿಂದ ತೆಗೆದು ಎಸ್‌ವಿಇ ಕಾಲಂಗೆ ಹಾಕ್ತಿದ್ದೆ.

ತಾಳ ಮೇಳ
ನಾನು ಅಷ್ಟು ಬೇಗ ತೆಗೆಯೋಲ್ಲ. ಆ ಗುಬ್ಬು ಹಿಂದಿನ ಎರಡು ಟಿ ಅಲೆಗಳಲ್ಲೂ ಸ್ವಲ್ಪ ಕಾಣುತ್ತೆ, ಹಾಗಾದರೆ ಅದು ಪಿ ಅಲ್ಲ. ಒಂದು ಗೆರೆಯಲ್ಲಿ ಅಗಲವಿಲ್ಲ ಅನ್ನಿಸಿದ್ದು ಇನ್ನೊಂದರಲ್ಲಿ ಅಗಲ ಇರುತ್ತೆ. ಮೂರೂ ಚಾನೆಲ್, ಮುಂಚಿನ ಹತ್ತು ಸೆಕೆಂಡ್ ಸಮೇತ ಬೇಕು.

ಸಾಗರದವರೇ, ನಾಳೆಯೇ ಹೋಲ್ಟರ್ ಕೇಂದ್ರಕ್ಕೆ ಫೋನ್ ಮಾಡಿ ಮೂರು ಪ್ರಿಂಟ್ ಕೇಳಿ: 2:51ರ ಮೂರು ಚಾನೆಲ್ ಸ್ಟ್ರಿಪ್, 11ರಿಂದ 12ರ ಪೂರ್ತಿ ಪುಟ, ಬೈಜೆಮಿನಿಯ ಒಂದು ಸ್ಟ್ರಿಪ್. ರಿಪೋರ್ಟಿನ ಕೊನೆಯಲ್ಲಿ ಓದಿದ ವೈದ್ಯರ ಸಹಿ ಇದೆಯಾ ಅಂತಲೂ ನೋಡಿ. ಕಾಯಿತುರಿಯ 171 ಹಾಗೇ ಉಳಿದಿರೋದು ನೋಡಿದರೆ ಯಾರೂ ತಿದ್ದಿಲ್ಲ ಅಂತ ನನ್ನ ಊಹೆ. ಈ ಮಧ್ಯೆ ಅಮ್ಮ ತಲೆ ತಿರುಗಿ ಬಿದ್ದರೆ, ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಸಾಗರದ ಹುಡುಗ
ಸಹಿ ಇಲ್ಲ ಸರ್. ‘ಕಂಪ್ಯೂಟರ್ ವಿಶ್ಲೇಷಣೆ, ವೈದ್ಯರಿಂದ ದೃಢೀಕರಿಸಿಲ್ಲ’ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿದೆ. ನಾನು ಈಗಲೇ ನೋಡಿದ್ದು.

ಎರಡು ದಿನದ ನಂತರ, ಸಾಗರದ ಹುಡುಗ
ಮೂರೂ ಪ್ರಿಂಟ್ ಸಿಕ್ಕವು. 11:17ರಿಂದ 11:19ರವರೆಗೆ ಬೈಜೆಮಿನಿ ಸಾಲು ಇದೆ, ಹೋಲ್ಟರ್ ಟೇಬಲ್ ಸರ್ ಹೇಳಿದ ಹಾಗೇ. 2:51ರದ್ದರಲ್ಲಿ ಎರಡನೇ ಚಾನೆಲ್ ನೋಡಿದರೆ ಮೂರೂ ಬಡಿತ ಅಗಲವೇ ಇವೆ. ಗುಬ್ಬು ಮೂರನೇ ಚಾನೆಲ್‌ನಲ್ಲಿ ಕಾಣುತ್ತೆ, ಎರಡನೆಯದರಲ್ಲಿ ಕಾಣೋಲ್ಲ. ಮೂರನ್ನೂ ಫೋಟೊ ಹಾಕಿದ್ದೇನೆ.

ಹೋಲ್ಟರ್ ಟೇಬಲ್
ಮೂರನೇ ಚಾನೆಲ್‌ನಲ್ಲಿ ಆ ಟಿ ಮಾತ್ರ ಮೊನಚು, ಹಿಂದಿನವು ದುಂಡಗೆ. ನಾನು ಈಗಲೂ ಪಿ ಅಂತಲೇ ಹೇಳ್ತೀನಿ.

ತಾಳ ಮೇಳ
ನನಗೆ ಎರಡನೇ ಚಾನೆಲ್‌ನ ಅಗಲ ನೋಡಿದ ಮೇಲೆ ವಿಟಿ ಕಡೆಗೇ ಮನಸ್ಸು ವಾಲ್ತಿದೆ. ಅಮ್ಮನನ್ನು ನೋಡುವ ಡಾಕ್ಟರ್ ಮುಂದೆ ಈ ಸ್ಟ್ರಿಪ್ ಮೇಲಿಟ್ಟು, ಮೊದಲ ಪುಟ ಕೆಳಗಿಟ್ಟು ಕೊಡಿ.